ಒಂದೇ ಉದ್ದ, ಒಂದೇ ಜಿಸಿ. ಆದರೂ ಒಂದು ಪ್ರೋಬ್ ತೊಳೆತದಲ್ಲಿ ಕಳಚಿಹೋಗುತ್ತಿದೆ

ಕೇಳಿದವರು: ಎಂಎಸ್ಸಿ ವಿದ್ಯಾರ್ಥಿನಿ, ದಾವಣಗೆರೆ

ದಾಳಿಂಬೆಯ ದುಂಡಾಣು ಅಂಗಮಾರಿ ರೋಗದ ಡಾಟ್ ಬ್ಲಾಟ್‌ಗಾಗಿ 18 ಅಕ್ಷರದ ಎರಡು ಪ್ರೋಬ್ ಮಾಡಿಸಿದ್ದೇನೆ. ಎರಡರಲ್ಲೂ 8 ಸಿ, 5 ಎ, 5 ಟಿ ಇವೆ, ಅಂದರೆ ಜಿಸಿ ಶೇಕಡಾ 44. ಎ-ಟಿಗೆ 2, ಜಿ-ಸಿಗೆ 4 ಎಂದು ಕೂಡಿದರೆ ಎರಡಕ್ಕೂ 52 ಡಿಗ್ರಿ ಬರುತ್ತದೆ. 2X ಎಸ್‌ಎಸ್‌ಸಿಯಲ್ಲಿ 50 ಡಿಗ್ರಿಗೆ ತೊಳೆದಾಗ ಎರಡನೆಯದರ ಚುಕ್ಕೆ ಉಳಿಯುತ್ತದೆ, ಮೊದಲನೆಯದು ಪೂರ್ತಿ ಮಾಯವಾಗುತ್ತದೆ. ಜಿಸಿ ಹೆಚ್ಚಿರುವ ಹೊಸ ಪ್ರೋಬ್ ಮಾಡಿಸಬೇಕೆ? ಅನುಭವ ಇರುವವರು ದಯವಿಟ್ಟು ತಿಳಿಸಿ.

```
1: CTACCTACTCTACACTAC
2: CAACTTCCAACTTCACTC
```

ಉಪನ್ಯಾಸಕರು, ದಾವಣಗೆರೆ

ಮಾಡಿಸಿಬಿಡಿ, ಯೋಚನೆ ಬೇಡ. ಜಿ-ಸಿ ನಡುವೆ ಮೂರು ಹೈಡ್ರೋಜನ್ ಬಂಧ, ಎ-ಟಿ ನಡುವೆ ಎರಡು. ಹಿಡಿತ ಬೇಕೆಂದರೆ ಜಿಸಿ ಏರಿಸಲೇಬೇಕು. ನನ್ನ ಪಿಎಚ್‌ಡಿ ಕಾಲದ ಪ್ರೋಬ್ ಶೇಕಡಾ 60 ಜಿಸಿಯದು. ಅದನ್ನು 0.1X ಎಸ್‌ಎಸ್‌ಸಿಯಲ್ಲಿ 65 ಡಿಗ್ರಿಗೆ ಎರಡು ಸಲ ತೊಳೆದರೂ ಅಲುಗಾಡಲಿಲ್ಲ. ಅದೇ ಮೆಂಬ್ರೇನನ್ನು ಮೂರು ಸಲ ಬಳಸಿದ್ದೇನೆ, ಫಿಲ್ಮ್ ಈಗಲೂ ನನ್ನ ಬೀರುವಿನಲ್ಲಿದೆ.

ಪ್ರಯೋಗಾಲಯ ಸಹಾಯಕರು (ನಿವೃತ್ತ), ಚಿತ್ರದುರ್ಗ

ಸರ್, ನಿಮ್ಮ ಪ್ರೋಬಿನ ಉದ್ದವನ್ನು ಹೇಳದೆ ಈ ಹುಡುಗಿಗೆ ಖರ್ಚು ಮಾಡಿಸುವುದು ಸರಿಯಲ್ಲ. ನಾನು ಇದೇ ಮಾತನ್ನು ನಂಬಿ ಒಂದು ಮಳೆಗಾಲದ ಏಳು ವಾರಗಳನ್ನು ಕಳೆದುಕೊಂಡವನು. 19 ಅಕ್ಷರದ ಪ್ರೋಬ್ ನಿಲ್ಲಲಿಲ್ಲವೆಂದು ಜಿಸಿಯನ್ನು ಏರಿಸುತ್ತಾ ನಾಲ್ಕು ಸಲ ಮಾಡಿಸಿದೆವು. ನಾಲ್ಕನೆಯದು ಚೆನ್ನಾಗಿಯೇ ನಿಂತಿತು, ಆದರೆ ರೋಗವಿಲ್ಲದ ಗಿಡದ ಡಿಎನ್‌ಎ ಮೇಲೂ ನಿಂತಿತು. ಲೇಬಲ್ ಹಾಕಿಸಿದ ದುಡ್ಡು ನಾಲ್ಕೂ ಸಲ ನಮ್ಮ ಯೋಜನೆಯ ಖಾತೆಯಿಂದಲೇ ಹೋಯಿತು.

ತಂಗಿ, ನಿನ್ನ ಎರಡು ಪ್ರೋಬ್‌ಗಳಲ್ಲಿ ಅಕ್ಷರಗಳ ಎಣಿಕೆ ಒಂದೇ, ಆದರೆ ಜೋಡಣೆಯ ಕ್ರಮ ಬೇರೆ. ಏಣಿಯಲ್ಲಿ ಒಂದು ಮೆಟ್ಟಿಲು ಇನ್ನೊಂದರ ಮೇಲೆ ಎಷ್ಟು ಅಡಕವಾಗಿ ಕೂರುತ್ತದೆ ಎಂಬುದು ಪಕ್ಕದ ಮೆಟ್ಟಿಲು ಯಾವುದೆಂಬುದನ್ನು ಅವಲಂಬಿಸಿದೆ. ಸಾಂತಾ ಲೂಸಿಯಾ ಅವರು 1998ರಲ್ಲಿ ಒಂದುಗೂಡಿಸಿದ ಪಟ್ಟಿಯಲ್ಲಿ, 37 ಡಿಗ್ರಿಯಲ್ಲಿ, ಟಿ ಆದ ಮೇಲೆ ಎ ಬಂದರೆ ಸಿಗುವುದು ಮೋಲ್‌ಗೆ ಬರೀ −0.58 ಕಿಲೋಕ್ಯಾಲೊರಿ, ಎ ಆದ ಮೇಲೆ ಎ ಬಂದರೆ −1.00. ಎರಡೂ ಕಡೆ ಎ-ಟಿ ಜೋಡಿಗಳೇ, ಬಂಧಗಳ ಸಂಖ್ಯೆಯೂ ಒಂದೇ. ನಿನ್ನ ಮೊದಲನೆಯದರಲ್ಲಿ ಟಿಎ ಎಂಬ ಸಡಿಲ ಮೆಟ್ಟಿಲು ನಾಲ್ಕು ಕಡೆ ಇದೆ, ಎರಡನೆಯದರಲ್ಲಿ ಒಂದೂ ಇಲ್ಲ. ಅಲ್ಲಿ ಎಎ ಮತ್ತು ಟಿಟಿ ಸೇರಿ ನಾಲ್ಕಿವೆ. ಹದಿನೇಳು ಮೆಟ್ಟಿಲುಗಳನ್ನೂ ಕೈಯಲ್ಲೇ ಕೂಡಿದೆ: ಮೊದಲನೆಯದು −20.51, ಎರಡನೆಯದು −22.25. ನಾಲ್ಕೂ ತುದಿಗಳಲ್ಲಿ ಸಿ ಇರುವುದರಿಂದ ತುದಿಯ ಲೆಕ್ಕ ಇಬ್ಬರಿಗೂ ಸಮ. ಕರಗುವ ತಾಪಮಾನಕ್ಕೆ ತಿರುಗಿಸಿದರೆ, 1 ಮೋಲಾರ್ ಉಪ್ಪಿನಲ್ಲಿ, ಎಳೆಗಳ ಒಟ್ಟು ಪ್ರಮಾಣ 1 ಮೈಕ್ರೋಮೋಲಾರ್ ಎಂದಿಟ್ಟುಕೊಂಡರೆ, ಒಂದಕ್ಕೆ ಸುಮಾರು 60, ಇನ್ನೊಂದಕ್ಕೆ ಸುಮಾರು 64 ಡಿಗ್ರಿ ಬರುತ್ತದೆ. ನೀನು ಸಮವೆಂದುಕೊಂಡ ಕಡೆ 4 ಡಿಗ್ರಿ ಅಂತರವಿದೆ.

ಎರಡನೆಯ ತಪ್ಪು ಉಪ್ಪಿನದು. 2 ಮತ್ತು 4ರ ಲೆಕ್ಕ ಹೊಂದುವುದು 6X ಎಸ್‌ಎಸ್‌ಸಿಯ ಆಸುಪಾಸಿನ ಉಪ್ಪಿಗೆ. ನೀನು ತೊಳೆದದ್ದು 2Xನಲ್ಲಿ. ಸೋಡಿಯಂ ಮೂರನೇ ಒಂದು ಪಾಲಿಗೆ ಇಳಿದರೆ ಕರಗುವ ತಾಪಮಾನ 8 ಡಿಗ್ರಿಯಷ್ಟು ಕೆಳಗೆ ಬರುತ್ತದೆ. ಅದಲ್ಲದೆ ತೊಳೆಯುವ ನೀರಿನಲ್ಲಿ ಬಿಡಿ ಪ್ರೋಬ್ ಇರುವುದಿಲ್ಲ. ಒಮ್ಮೆ ಕಳಚಿದ್ದು ಮತ್ತೆ ಬಂದು ಕೂರುವ ಅವಕಾಶ ತೀರಾ ಕಡಿಮೆ.

ಉಪನ್ಯಾಸಕರು, ದಾವಣಗೆರೆ

ನನ್ನ ಪ್ರೋಬ್ 400 ಜೋಡಿಗಳದ್ದು. ಅದರಿಂದ ತತ್ವವೇನೂ ಬದಲಾಗುವುದಿಲ್ಲ. ಮೂರು ಬಂಧ ಎರಡಕ್ಕಿಂತ ಗಟ್ಟಿ ಎಂದು ಇಪ್ಪತ್ತು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಒಂದು ಪಟ್ಟಿ ತೋರಿಸಿ ಅದು ಸುಳ್ಳೆಂದು ಹೇಳಿದರೆ ಒಪ್ಪಲಾಗದು.

ಪ್ರಯೋಗಾಲಯ ಸಹಾಯಕರು, ಚಿತ್ರದುರ್ಗ

ಬದಲಾಗುತ್ತದೆ ಸರ್. ಉದ್ದ ಪ್ರೋಬ್‌ಗೆ ಎಲ್ಲರೂ ಹಾಕುವ ಲೆಕ್ಕ ಇದು:

```
Tm = 81.5 + 16.6 log10[Na+] + 0.41(%GC) - 675/N
```

0.1X ಎಸ್‌ಎಸ್‌ಸಿಯಲ್ಲಿ ಸೋಡಿಯಂ 0.0195 ಮೋಲಾರ್. ನಿಮ್ಮ ಶೇಕಡಾ 60 ಮತ್ತು 400 ಜೋಡಿಯನ್ನು ಇಟ್ಟರೆ 76 ಡಿಗ್ರಿ ಬರುತ್ತದೆ. ನೀವು 65ಕ್ಕೆ ತೊಳೆದಿರಿ, ಇನ್ನೂ 11 ಡಿಗ್ರಿ ಕೈಯಲ್ಲಿತ್ತು. ಜಿಸಿ ಶೇಕಡಾ 44 ಆಗಿದ್ದರೂ 69ರ ಮೇಲೆಯೇ ಇರುತ್ತಿತ್ತು, ಆಗಲೂ ನಿಮ್ಮ ಚುಕ್ಕೆ ನಿಲ್ಲುತ್ತಿತ್ತು. ನಿಮ್ಮನ್ನು ಕಾಪಾಡಿದ್ದು ಉದ್ದ. 18 ಅಕ್ಷರಕ್ಕೆ ಈ ಸೂತ್ರವನ್ನು ತರಲೇಬಾರದು.

ಬಂಧಗಳ ಮಾತಿಗೂ ಉತ್ತರ ಕೊಡುತ್ತೇನೆ. ಸಿ ಆದ ಮೇಲೆ ಜಿ −2.17, ಜಿ ಆದ ಮೇಲೆ ಜಿ −1.84. ಎರಡರಲ್ಲೂ ಆರಾರು ಬಂಧಗಳೇ ಇವೆ. ವ್ಯತ್ಯಾಸ ಎಲ್ಲಿಂದ ಬಂತು? ಎಳೆಗಳು ಬಿಡಿಯಾಗಿದ್ದಾಗ ಬೇಸ್‌ಗಳು ನೀರಿನೊಂದಿಗೂ ಹೈಡ್ರೋಜನ್ ಬಂಧ ಮಾಡಿಕೊಂಡಿರುತ್ತವೆ. ಜೋಡಿಯಾಗುವಾಗ ಅವನ್ನು ಕಳೆದುಕೊಳ್ಳುತ್ತವೆ. ಆದ್ದರಿಂದ ಬಂಧಗಳಿಂದ ಸಿಗುವ ನಿವ್ವಳ ಲಾಭ ಪಾಠದಲ್ಲಿ ಹೇಳುವಷ್ಟು ದೊಡ್ಡದಲ್ಲ.

ಸಂಶೋಧಕಿ, ಹಿರಿಯೂರು

ನಾನು ಫಾರ್ಮಮೈಡ್‌ನಿಂದ ಪೆಟ್ಟು ತಿಂದವಳು, ಅದನ್ನು ಹೇಳಲೇಬೇಕು. ಉದ್ದ ಪ್ರೋಬ್‌ಗೆಂದು ಬರೆದಿದ್ದ ವಿಧಾನವನ್ನು, ಅಂದರೆ ಶೇಕಡಾ 50 ಫಾರ್ಮಮೈಡ್, 42 ಡಿಗ್ರಿ ಎಂಬುದನ್ನು, ಹಾಗೆಯೇ 20 ಅಕ್ಷರದ ಪ್ರೋಬ್‌ಗೆ ಹಾಕಿದೆ. ಶೇಕಡಾ ಒಂದಕ್ಕೆ ಸುಮಾರು 0.6 ಡಿಗ್ರಿ ಇಳಿಯುತ್ತದೆ, ಒಟ್ಟು 30 ಡಿಗ್ರಿ ಹೋಯಿತು. ಪ್ರೋಬ್ ಕೂರಲೇ ಇಲ್ಲ. ಆರು ಮೆಂಬ್ರೇನ್, ಒಂದು ಪೂರ್ತಿ ಬಾಟಲಿ ಬ್ಲಾಕಿಂಗ್ ಪುಡಿ, ರಾತ್ರಿಯ ಬಸ್ಸಿನಲ್ಲಿ ಐಸ್ ಡಬ್ಬಿ ಹಿಡಿದುಕೊಂಡು ಬಂದ ಪ್ರತಿಕಾಯ, ಎಲ್ಲವೂ ವ್ಯರ್ಥವಾದವು. ಮಾರ್ಗದರ್ಶಕರು ಕೊನೆಗೂ ಪ್ರತಿಕಾಯವನ್ನೇ ದೂರಿದರು.

ಇನ್ನು ನಿಮ್ಮಿಬ್ಬರ ಜಗಳದ ಬಗ್ಗೆ. ಆ ಪಟ್ಟಿಯ ಪ್ರತಿ ಅಂಕಿಯಲ್ಲೂ ಜೋಡಿಯ ಪಾಲು ಮತ್ತು ಪೇರಿಕೆಯ ಪಾಲು ಬೆರೆತಿವೆ. ಎರಡನ್ನು ಬೇರ್ಪಡಿಸುವುದಕ್ಕೆ ಬೇರೆಯೇ ಅಳತೆಗಳು ಬೇಕು. ಕ್ರಮ ಬದಲಾದಾಗ ಬಂದ ಅಂತರ ಪೇರಿಕೆಯದೆಂಬುದನ್ನು ಒಪ್ಪುತ್ತೇನೆ, ಆದರೆ ಪಟ್ಟಿಯೊಂದರಿಂದಲೇ ಬಂಧಗಳನ್ನು ಬದಿಗೆ ಸರಿಸುವುದು ಅವಸರ.

ಪ್ರಯೋಗಾಲಯ ಸಹಾಯಕರು, ಚಿತ್ರದುರ್ಗ

ಬದಿಗೆ ಸರಿಸಿಲ್ಲ ಮೇಡಂ. ಈಕೆಯ ಎರಡು ಪ್ರೋಬ್‌ಗಳಲ್ಲಿ ಬಂಧಗಳ ಲೆಕ್ಕ ಸಮವಿದ್ದರೂ 4 ಡಿಗ್ರಿ ಬೇರೆಯಾಯಿತು ಎಂದಷ್ಟೇ ನನ್ನ ಮಾತು.

ಬೀಜೋತ್ಪಾದಕರು, ಹೊಳಲ್ಕೆರೆ

ಪ್ರೈಮರ್ ಹಿಡಿಯದಿದ್ದರೆ ಅನೀಲಿಂಗ್ ಅನ್ನು 3 ಡಿಗ್ರಿ ಇಳಿಸಿ ನೋಡಿ. ನಮ್ಮ ಮೆಕ್ಕೆಜೋಳದ ಪಿಸಿಆರ್‌ನಲ್ಲಿ ಹಾಗೆಯೇ ಸರಿಹೋಯಿತು.

ಸಂಶೋಧಕಿ, ಹಿರಿಯೂರು

ಅಣ್ಣಾ, ಇದು ಪ್ರೈಮರ್ ಅಲ್ಲ, ಮೆಂಬ್ರೇನ್ ಮೇಲಿನ ಪ್ರೋಬ್. ಪಿಸಿಆರ್‌ನಲ್ಲಿ ಬಿಡಿ ಪ್ರೈಮರ್ ಧಾರಾಳವಾಗಿರುತ್ತದೆ, ಕಳಚಿದರೂ ಇನ್ನೊಂದು ಬಂದು ಕೂರುತ್ತದೆ.

ಕೇಳಿದವರು, ದಾವಣಗೆರೆ

ಎಲ್ಲರಿಗೂ ಧನ್ಯವಾದಗಳು. ಹೊಸದನ್ನು ಮಾಡಿಸದೆ, ಹೊಸ ಮೆಂಬ್ರೇನ್ ಮೇಲೆ ಮೊದಲನೆಯ ಪ್ರೋಬನ್ನು 6X ಎಸ್‌ಎಸ್‌ಸಿಯಲ್ಲಿ 46 ಡಿಗ್ರಿಗೆ ತೊಳೆದು ನೋಡಿದೆ. ರೋಗದ ಎಲೆಯ ಚುಕ್ಕೆ ಉಳಿಯಿತು, ಎರಡನೆಯದರಷ್ಟು ಗಾಢವಿಲ್ಲ. ಆದರೆ ಆರೋಗ್ಯವಂತ ಎಲೆಯ ಜಾಗದಲ್ಲೂ ತೆಳುವಾದ ಬೂದು ನೆರಳು ಬಂದಿದೆ.

ಪ್ರಯೋಗಾಲಯ ಸಹಾಯಕರು, ಚಿತ್ರದುರ್ಗ

ಉಪ್ಪನ್ನು ಹಾಗೆಯೇ ಇಟ್ಟು 48, 50, 52 ಡಿಗ್ರಿಗಳಲ್ಲಿ ಮೂರು ತುಂಡುಗಳನ್ನು ತೊಳೆ. ನೆರಳು ಮೊದಲು ಹೋಗಿ ಚುಕ್ಕೆ ಉಳಿಯುವ ಜಾಗ ಸಿಕ್ಕರೆ ಪ್ರೋಬ್ ಒಳ್ಳೆಯದು. ಎರಡೂ ಒಟ್ಟಿಗೆ ಹೋದರೆ ಗಿಡದಲ್ಲೂ ಅದೇ ಅಕ್ಷರಸಾಲು ಇರಬಹುದು; ಆಗ ಕ್ರಮ ಬದಲಿಸುವುದಲ್ಲ, ಗುರಿಯ ತುಣುಕನ್ನೇ ಬದಲಿಸಬೇಕು. ಪ್ರೋಬೇ ಹಾಕದ ಒಂದು ತುಂಡನ್ನೂ ಜೊತೆಗಿಡು, ನೆರಳು ಪ್ರತಿಕಾಯದ್ದೋ ಎಂಬುದು ಅದರಲ್ಲಿ ಕಾಣುತ್ತದೆ.

ಉಪನ್ಯಾಸಕರು, ದಾವಣಗೆರೆ

ಹದಿನೆಂಟನ್ನು ಬಿಟ್ಟು 300 ಜೋಡಿಯ ಪ್ರೋಬನ್ನು ನೀವೇ ಪಿಸಿಆರ್‌ನಲ್ಲಿ ಲೇಬಲ್ ಮಾಡಿಕೊಳ್ಳಿ ಎಂದೇ ನಾನು ಈಗಲೂ ಹೇಳುತ್ತೇನೆ.

ಸಂಶೋಧಕಿ, ಹಿರಿಯೂರು

ಸರ್, 300ರಲ್ಲಿ ಒಂದು ಅಕ್ಷರ ಬೇರೆಯಿದ್ದರೆ ನಿಮ್ಮ ಪ್ರೋಬ್‌ಗೆ ಗೊತ್ತೇ ಆಗುವುದಿಲ್ಲ. ಆಕೆಗೆ ಹತ್ತಿರದ ತಳಿಗಳನ್ನು ಬೇರ್ಪಡಿಸಬೇಕಿದೆಯೇ ಎಂಬುದನ್ನು ಇನ್ನೂ ಯಾರೂ ಕೇಳಿಲ್ಲ.