ತೆಂಗಿನೆಣ್ಣೆಯ ಸಾಬೂನೀಕರಣ ಮೌಲ್ಯ 224 ಬರುತ್ತಿದೆ, ಕಡಲೆಕಾಯಿ ಎಣ್ಣೆಯದು ಸರಿಯಾಗಿದೆ. ತಪ್ಪು ಎಲ್ಲಿ?

ರೇಣುಕಾ, ಪೀಣ್ಯ

ನಮಸ್ಕಾರ. ಪೀಣ್ಯದ ಸಣ್ಣ ಸಾಬೂನು ಘಟಕವೊಂದರಲ್ಲಿ ಎಣ್ಣೆ ಪರೀಕ್ಷಿಸುವ ಕೆಲಸ ನನ್ನದು. ತಿಪಟೂರಿನ ಕೊಬ್ಬರಿಯಿಂದ ಗಾಣದಲ್ಲಿ ತೆಗೆದದ್ದು ಎಂದು ಹೇಳಿ ಒಬ್ಬರು ನಮಗೆ ತೆಂಗಿನೆಣ್ಣೆ ಕೊಡುತ್ತಿದ್ದಾರೆ. ಅದರ ಸಾಬೂನೀಕರಣ ಮೌಲ್ಯ 250ಕ್ಕಿಂತ ಕಡಿಮೆ ಇರಬಾರದು. ನನಗೆ ಬಂದದ್ದು 224.

ಮಾಡಿದ್ದು ಹೀಗೆ: 2.52 ಗ್ರಾಂ ಎಣ್ಣೆ ತೂಗಿ, 0.5 ನಾರ್ಮಲ್ ಆಲ್ಕೊಹಾಲಿಕ್ ಪೊಟ್ಯಾಶ್ 25 ಮಿ.ಲೀ. ಪಿಪೆಟ್‌ನಿಂದ ಹಾಕಿ, ಕಂಡೆನ್ಸರ್ ಜೋಡಿಸಿ ನೀರಿನ ಸ್ನಾನದ ಮೇಲೆ ಒಂದು ಗಂಟೆ ಕುದಿಸಿದೆ. ಬ್ಲಾಂಕ್ ಕೂಡ ಪಕ್ಕದಲ್ಲೇ ಕುದಿಯಿತು. ಬಿಸಿ ಆರುವ ಮೊದಲೇ ಫೀನಾಲ್ಫ್ತಲೀನ್ ಹಾಕಿ 0.5 ನಾರ್ಮಲ್ ಹೈಡ್ರೊಕ್ಲೋರಿಕ್ ಆಮ್ಲದಿಂದ ಟೈಟ್ರೇಟ್ ಮಾಡಿದೆ. ಬ್ಲಾಂಕ್ 24.2, ಎಣ್ಣೆಯ ಫ್ಲಾಸ್ಕ್ 4.1.

```
SV = 56.1 × N × (B − S) / W
   = 56.1 × 0.5 × (24.2 − 4.1) / 2.52 = 223.7
```

ಹೋಲಿಕೆಗೆಂದು ಮನೆಯ ಕಡಲೆಕಾಯಿ ಎಣ್ಣೆ 2.50 ಗ್ರಾಂ ತೆಗೆದುಕೊಂಡು ಅದೇ ದಿನ, ಅದೇ ಆಮ್ಲದಲ್ಲಿ ಮಾಡಿದೆ. 7.2 ಮಿ.ಲೀ. ಹಿಡಿಯಿತು, ಮೌಲ್ಯ 190.7. ಅದು ಇರಬೇಕಾದಷ್ಟೇ ಇದೆ. ಹಾಗಾದರೆ ತೆಂಗಿನೆಣ್ಣೆಯಲ್ಲೇ ಕಲಬೆರಕೆ ಇದೆಯೇ? ಗಾಣದವರನ್ನು ಕೇಳುವ ಮೊದಲು ನನ್ನ ಕೈಯ ತಪ್ಪೇ ಎಂದು ಖಚಿತವಾಗಬೇಕು.

ಮಹೇಶ, ಕೆಂಗೇರಿ

ಮೇಡಂ, ಆಮ್ಲವನ್ನು ಒಣಗಿಸಿದ ಸೋಡಿಯಂ ಕಾರ್ಬೊನೇಟ್‌ನಿಂದ ಪರೀಕ್ಷಿಸಿದ್ದೀರಾ? ಬಾಟಲಿಯ ಮೇಲೆ 0.5 ಎಂದು ಬರೆದಿದ್ದರೆ ಸಾಲದು. ಇನ್ನೊಂದು ವಿಷಯ, ನೀವು ಹಾಕಿದ್ದು 25 ಮಿ.ಲೀ., ಆದರೆ ಬ್ಲಾಂಕ್ 24.2 ತೋರಿಸುತ್ತಿದೆ. ಲೆಕ್ಕದಲ್ಲಿ 25.0 ಇಟ್ಟರೆ ಮೌಲ್ಯ 232ರ ಮೇಲೆ ಹೋಗುತ್ತದೆ. ನಿಮ್ಮ ಕೊರತೆಯ ಒಂದು ಪಾಲು ಅಲ್ಲೇ ಇದೆ ಅನಿಸುತ್ತದೆ.

ಶ್ರೀಕಂಠ, ಮಲ್ಲೇಶ್ವರಂ

ಆಮ್ಲವನ್ನು ಪರೀಕ್ಷಿಸಬೇಕು ಎಂಬ ಮಹೇಶರ ಮಾತು ಸರಿ, ಎಂದಿಗೂ ಸರಿ. ಆದರೆ ಈ ತೊಂದರೆ ಆಮ್ಲದ್ದಲ್ಲ. ಆಮ್ಲದ ನಾರ್ಮಲಿಟಿ ತಪ್ಪಿದ್ದರೆ ಎಲ್ಲ ಎಣ್ಣೆಗಳ ಮೌಲ್ಯವೂ ಒಂದೇ ಪ್ರಮಾಣದಲ್ಲಿ ಏರುತ್ತದೆ ಅಥವಾ ಇಳಿಯುತ್ತದೆ. 224 ಹೋಗಿ 257 ಆಗಬೇಕಾದರೆ ಆಮ್ಲ 0.57 ಇರಬೇಕು. ಆಗ ಕಡಲೆಕಾಯಿ ಎಣ್ಣೆ 219 ಆಗಿಬಿಡುತ್ತದೆ! ಅದು ಇರಬೇಕಾದದ್ದು 188ರಿಂದ 196ರ ಒಳಗೆ.

ಬ್ಲಾಂಕ್ ಬದಲು 25.0 ಇಡುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಪೊಟ್ಯಾಶ್ ದ್ರಾವಣ ಸರಿಯಾಗಿ 0.5 ಇರಬೇಕಿಲ್ಲ. ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ದಿನದಿನಕ್ಕೆ ಇಳಿಯುತ್ತಲೇ ಇರುತ್ತದೆ. ಬ್ಲಾಂಕ್ ಮಾಡುವುದೇ ಅದಕ್ಕಾಗಿ. ಎಣ್ಣೆಯ ಫ್ಲಾಸ್ಕಿಗೆ ಏನೇನು ಆಯಿತೋ ಅದೆಲ್ಲವೂ ಬ್ಲಾಂಕಿಗೂ ಆಗಿರಬೇಕು: ಅದೇ ಪಿಪೆಟ್, ಅಷ್ಟೇ ಹೊತ್ತಿನ ಕುದಿ. ನೀವು ಹಾಗೆಯೇ ಮಾಡಿದ್ದೀರಿ. 25.0 ಇಟ್ಟು ಕಡಲೆಕಾಯಿ ಎಣ್ಣೆಯ ಲೆಕ್ಕ ಮಾಡಿ ನೋಡಿ, ಸುಮಾರು 200 ಬರುತ್ತದೆ. ಒಂದು ತಪ್ಪನ್ನು ಮುಚ್ಚಲು ಹೋಗಿ ಸರಿಯಾಗಿದ್ದದ್ದೂ ಕೆಟ್ಟಂತಾಯಿತು.

ಈಗ ನಿಮ್ಮ ಫ್ಲಾಸ್ಕಿನ ಒಳಗೆ ನೋಡೋಣ. 24.2 ಎಂದರೆ ಅಲ್ಲಿದ್ದ ಪೊಟ್ಯಾಶ್ ಸುಮಾರು 679 ಮಿ.ಗ್ರಾಂ. ಒಳ್ಳೆಯ ತೆಂಗಿನೆಣ್ಣೆಯ ಮೌಲ್ಯ 257 ಎಂದಿಟ್ಟುಕೊಂಡರೆ 2.52 ಗ್ರಾಂ ಎಣ್ಣೆ ಕೇಳುವುದು 648 ಮಿ.ಗ್ರಾಂ. ಉಳಿಯುವುದು ಬರೀ 31. ಕಡಲೆಕಾಯಿ ಎಣ್ಣೆಯ ಫ್ಲಾಸ್ಕಿನಲ್ಲಿ ಸುಮಾರು 200 ಮಿ.ಗ್ರಾಂ ಮಿಕ್ಕಿತ್ತು. ಪೊಟ್ಯಾಶ್ ಕರಗುತ್ತಾ ಬಂದಂತೆ ಕ್ರಿಯೆ ನಿಧಾನವಾಗುತ್ತದೆ. ಕೊನೆಯ ಎಣ್ಣೆಗೆ ಸಿಗುವ ಕ್ಷಾರ ತೀರಾ ತೆಳು, ಒಂದು ಗಂಟೆ ಅದಕ್ಕೆ ಸಾಲುವುದಿಲ್ಲ. ನಿಮ್ಮ ಎಣ್ಣೆಯ ಒಂದು ಪಾಲು ಸಾಬೂನಾಗದೆ ಹಾಗೆಯೇ ಉಳಿದಿದೆ ಎಂಬುದು ನನ್ನ ಅನುಮಾನ.

ತೂಕ ಹೇಗೆ ಆರಿಸಬೇಕೆಂದರೆ, ಎಣ್ಣೆಯ ಫ್ಲಾಸ್ಕಿಗೆ ಹಿಡಿಯುವ ಆಮ್ಲ ಬ್ಲಾಂಕಿನ ಅರ್ಧದ ಆಸುಪಾಸಿನಲ್ಲಿರಬೇಕು. ತೆಂಗಿನೆಣ್ಣೆಗೆ ಅದು ಸುಮಾರು 1.35 ಗ್ರಾಂ. ಕಡಲೆಕಾಯಿಗೆ 1.8 ಗ್ರಾಂ. ಎಲ್ಲ ಎಣ್ಣೆಗೂ ಒಂದೇ ತೂಕ ಇಟ್ಟುಕೊಳ್ಳುವ ರೂಢಿಯೇ ಈ ತೊಂದರೆ ತಂದಿದೆ.

ಒಂದು ಪ್ರಶ್ನೆ. ಕುದಿಸಿದ ಮೇಲೆ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡಿದ್ದಿರಾ?

ನಾಗರಾಜ, ಹೊಸಕೋಟೆ

ನನ್ನದೂ ಇದೇ ತೊಂದರೆ ಸರ್. ಹೊಂಗೆ ಎಣ್ಣೆಯಲ್ಲಿ ಮಾಡುತ್ತಿದ್ದೇನೆ. ಕುದಿಸಿದ ಮೇಲೆ ದ್ರಾವಣ ಗಾಢ ಕಂದು. ಗುಲಾಬಿ ಬಣ್ಣ ಎಲ್ಲಿ ಹೋಯಿತು ಎಂದೇ ಗೊತ್ತಾಗುವುದಿಲ್ಲ. ಒಮ್ಮೆ 178, ಒಮ್ಮೆ 193 ಬರುತ್ತದೆ. ತೂಕ ಇಳಿಸಿದರೆ ಸರಿಹೋಗುತ್ತದೆಯೇ?

ಶ್ರೀಕಂಠ, ಮಲ್ಲೇಶ್ವರಂ

ನಾಗರಾಜರೇ, ನಿಮ್ಮದು ಬೇರೆ ತೊಂದರೆ. ರೇಣುಕಾ ಅವರಿಗೆ ಸಂಖ್ಯೆ ಸದಾ ಕಡಿಮೆ ಬರುತ್ತಿದೆ, ನಿಮಗೆ ಅತ್ತಿತ್ತ ಓಡುತ್ತಿದೆ. ಅದು ಕಣ್ಣಿನ ತೊಡಕು. ತೂಕ ಇಳಿಸಿ ತಟಸ್ಥ ಆಲ್ಕೊಹಾಲ್ ಸೇರಿಸಿದರೆ ಬಣ್ಣ ತೆಳುವಾಗುತ್ತದೆ, ಸ್ವಲ್ಪ ಸಹಾಯವಾಗುತ್ತದೆ. ಗಾಢ ಎಣ್ಣೆಗೆ ಆಲ್ಕಲಿ ಬ್ಲೂ ಸೂಚಕ ಬಳಸುತ್ತಾರೆ. ಆಮ್ಲ ಹಾಕುತ್ತಾ ಹೋದಂತೆ ಕೆಂಪು ಹೋಗಿ ನೀಲಿ ಬರುತ್ತದೆ. ಬ್ಲಾಂಕಿಗೂ ಅದೇ ಸೂಚಕ ಹಾಕಿ.

ರೇಣುಕಾ, ಪೀಣ್ಯ

ಶ್ರೀಕಂಠ ಸರ್, ನೀವು ಕೇಳಿದ ಮೇಲೆ ಅದೇ ತೂಕದಲ್ಲಿ ಮತ್ತೊಮ್ಮೆ ಮಾಡಿ ಗಮನವಿಟ್ಟು ನೋಡಿದೆ. ಬೇಕೆಂದೇ ಒಂದೂವರೆ ಗಂಟೆ ಕುದಿಸಿದೆ. ಮೌಲ್ಯ 231.5 ಬಂತು. ಬಿಸಿ ಇದ್ದಾಗ ಫ್ಲಾಸ್ಕ್ ತಿಳಿಯಾಗಿಯೇ ಕಂಡಿತು. ಟೈಟ್ರೇಟ್ ಮಾಡುವ ಮೊದಲು ಅದರಿಂದ ಕೆಲವು ಹನಿ ತೆಗೆದು, ಪರೀಕ್ಷಾ ನಳಿಕೆಯ ಬಟ್ಟಿ ಇಳಿಸಿದ ನೀರಿಗೆ ಬಿಟ್ಟೆ. ಕೂಡಲೇ ಹಾಲಿನಂತಾಯಿತು. ಸ್ವಲ್ಪ ಹೊತ್ತಿಗೆ ಮೇಲ್ಮೈಯಲ್ಲಿ ಎಣ್ಣೆಯ ಸಣ್ಣ ಕಣ್ಣುಗಳು ತೇಲಿದವು. ಆ ಹನಿಗಳಿಂದ ಮೌಲ್ಯ ಒಂದಿಷ್ಟು ತಪ್ಪಿರಬಹುದು, ಆದರೆ ನೋಡಬೇಕಾದದ್ದು ಕಂಡಿತು.

ಶ್ರೀಕಂಠ, ಮಲ್ಲೇಶ್ವರಂ

ಅದೇ ಸಾಕ್ಷಿ. ಹೆಚ್ಚು ಕುದಿಸಿದಂತೆ ಮೌಲ್ಯ ಏರುತ್ತಿದ್ದರೆ ಆ ಸಂಖ್ಯೆ ಎಣ್ಣೆಯದಲ್ಲ, ಅರ್ಧಕ್ಕೆ ನಿಂತ ಕ್ರಿಯೆಯದು. ಪಾಮ್ ಎಣ್ಣೆ ಬೆರೆತಿದ್ದರೆ ಅಷ್ಟು ಎಣ್ಣೆಗೆ ಬೇಕಾಗುವ ಪೊಟ್ಯಾಶೇ ಕಡಿಮೆ. ಆಗ ಫ್ಲಾಸ್ಕಿನಲ್ಲಿ ಕ್ಷಾರ ಧಾರಾಳವಾಗಿ ಮಿಕ್ಕು, ಒಂದು ಗಂಟೆಯಲ್ಲೇ ಮೌಲ್ಯ ನಿಂತುಬಿಡುತ್ತಿತ್ತು. ಇನ್ನೂ ಹೊತ್ತು ಕುದಿಸುವುದಕ್ಕಿಂತ ತೂಕ ಇಳಿಸಿ.

ರೇಣುಕಾ, ಪೀಣ್ಯ

ಇವತ್ತು ಮಾಡಿದೆ. ಬ್ಲಾಂಕ್ 24.0. ಮೊದಲ ಫ್ಲಾಸ್ಕ್: 1.38 ಗ್ರಾಂ, 11.5 ಮಿ.ಲೀ., ಮೌಲ್ಯ 254.1. ಎರಡನೆಯದು: 1.31 ಗ್ರಾಂ, 12.2 ಮಿ.ಲೀ., ಮೌಲ್ಯ 252.7. ನೀರಿಗೆ ಬಿಟ್ಟ ಹನಿ ಈ ಸಲ ತಿಳಿಯಾಗಿಯೇ ಉಳಿಯಿತು. ಆಮ್ಲವನ್ನೂ ಸೋಡಿಯಂ ಕಾರ್ಬೊನೇಟ್‌ನಿಂದ ಪರೀಕ್ಷಿಸಿದೆ, 0.500 ಇದೆ. ಮಹೇಶರಿಗೂ ಧನ್ಯವಾದ. ಗಾಣದವರಿಗೆ ಏನೂ ಹೇಳದೆ ಇದ್ದದ್ದು ಒಳ್ಳೆಯದಾಯಿತು. ಎರಡರ ನಡುವಿನ 1.4 ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕೇ?

ಶ್ರೀಕಂಠ, ಮಲ್ಲೇಶ್ವರಂ

ಬೇಡ. ಈ ತೂಕದಲ್ಲಿ ಬ್ಯುರೆಟ್‌ನ ಒಂದು ಹನಿ, ಅಂದರೆ 0.05 ಮಿ.ಲೀ., ಮೌಲ್ಯದಲ್ಲಿ ಸುಮಾರು 1 ಆಗುತ್ತದೆ. ಆದರೆ ನೀವು 250ರ ಗಡಿಗೆ ಹತ್ತಿರ ಇದ್ದೀರಿ, ಆದ್ದರಿಂದ ಮುಂದಿನ ಡಬ್ಬಿಗೆ ಮೂರು ಫ್ಲಾಸ್ಕ್ ಇಡಿ. ಇನ್ನೊಂದು ಎಚ್ಚರಿಕೆ, 250 ದಾಟಿತೆಂದ ಮಾತ್ರಕ್ಕೆ ಎಣ್ಣೆ ಶುದ್ಧ ಎಂದಲ್ಲ. ಪಾಮ್ ಕಾಳಿನ ಎಣ್ಣೆ ಸ್ವಲ್ಪ ಬೆರೆಸಿದ್ದರೆ ಈ ಪರೀಕ್ಷೆಗೆ ಅದು ಕಾಣುವುದು ಕಷ್ಟ, ಅದರ ಮೌಲ್ಯವೂ 240ರ ಆಸುಪಾಸಿನಲ್ಲೇ ಇರುತ್ತದೆ.

ಮಹೇಶ, ಕೆಂಗೇರಿ

25.0ರ ವಿಷಯದಲ್ಲಿ ನಾನು ತಪ್ಪಿದ್ದೆ. ಕಡಲೆಕಾಯಿಯ ಲೆಕ್ಕ ಮಾಡಿದ ಮೇಲೆ ಅರ್ಥವಾಯಿತು.

ನಾಗರಾಜ, ಹೊಸಕೋಟೆ

ಆಲ್ಕಲಿ ಬ್ಲೂ ತಂದು ಹಾಕಿದೆ ಸರ್. ಬ್ಲಾಂಕಿನಲ್ಲಿ ನೀಲಿ ಚೆನ್ನಾಗಿ ಕಾಣುತ್ತದೆ, ಹೊಂಗೆಯ ಫ್ಲಾಸ್ಕಿನಲ್ಲಿ ಕಂದಿನೊಂದಿಗೆ ಬೆರೆತು ಹಸಿರು ಛಾಯೆ ಬರುತ್ತದೆ. ಹಸಿರು ಮೊದಲು ಕಂಡಾಗ ನಿಲ್ಲಿಸಬೇಕೋ, ಅದು ಗಟ್ಟಿಯಾದಾಗಲೋ? ಎರಡರ ನಡುವೆ 0.4 ಮಿ.ಲೀ. ಅಂತರವಿದೆ.