ಒಂದು ವಿಡಿಯೊ ನೋಡಿ ಎದ್ದು ಹೋಗ್ತಾರೆ, ಏನು ಮಾಡೋದು?

ಮೂಡಿಗೆರೆಯಿಂದ: ಕಾಳುಮೆಣಸಿನ ಬಗ್ಗೆ ವಿಡಿಯೊ ಮಾಡುತ್ತೇನೆ. ಒಂದು ನೋಡಿದವರು ಇನ್ನೊಂದಕ್ಕೆ ಬರುವುದಿಲ್ಲ. ಎಂಡ್ ಸ್ಕ್ರೀನ್, ಕಾರ್ಡ್, ಕೆಳಗೆ ಪ್ಲೇಲಿಸ್ಟ್ ಲಿಂಕ್, ಇದರಲ್ಲಿ ಯಾವುದು ಕೆಲಸ ಮಾಡುತ್ತದೆ?

ಸಕಲೇಶಪುರದ ಬೆಳೆಗಾರ: ನನ್ನ ಬೋರ್ಡೋ ದ್ರಾವಣದ ವಿಡಿಯೊದ ಕತೆ ಕೇಳಿ. ಎಡಿಟಿಂಗ್ ಹುಡುಗ 2,500 ರೂಪಾಯಿ ತಗೊಂಡು ಮಿಂಚುವ ಎಂಡ್ ಸ್ಕ್ರೀನ್ ಮಾಡಿಕೊಟ್ಟ. ಒಬ್ಬರೂ ಒತ್ತಲಿಲ್ಲ. ಸ್ಟುಡಿಯೊದಲ್ಲಿ ರಿಟೆನ್ಷನ್ ಗೆರೆ ನೋಡಿದರೆ, ಅವನು ಸೇರಿಸಿದ "ಧನ್ಯವಾದ ಸ್ನೇಹಿತರೇ" ಬರುವಾಗಲೇ ಜನ ಖಾಲಿ. ಎಂಡ್ ಸ್ಕ್ರೀನ್ ಬರೋದು ಅದಾದ ಮೇಲೆ! ಧನ್ಯವಾದ ಕಿತ್ತು ಹಾಕಿಸಿದೆ. ದ್ರಾವಣಕ್ಕೆ ಕಬ್ಬಿಣದ ಚಾಕು ಅದ್ದಿ, ತಾಮ್ರದ ಬಣ್ಣ ಹಿಡಿಯುತ್ತದಾ ಅಂತ ನೋಡುತ್ತೇವಲ್ಲ, ಅದನ್ನೇ ಕೊನೆಯ 20 ಸೆಕೆಂಡಿಗೆ ಇಟ್ಟೆ. ಅದು ನೋಡದೆ ಯಾರೂ ಏಳುವುದಿಲ್ಲ. ಚಾಕು ಎಡಗಡೆ, ಬಲಗಡೆ ಖಾಲಿ ಜಾಗ. ಅಲ್ಲಿ "ಬಳ್ಳಿಗೆ ಹೊಡೆಯುವುದು ಹೇಗೆ" ಅನ್ನುವ ಒಂದೇ ವಿಡಿಯೊ. ನಾಲ್ಕು ಹಾಕಬಹುದು, ಆದರೆ ನಾಲ್ಕಿದ್ದರೆ ಯಾವುದನ್ನೂ ಒತ್ತುವುದಿಲ್ಲ. ಈಗ ಟ್ರಾಫಿಕ್ ಪಟ್ಟಿಯಲ್ಲಿ ಎಂಡ್ ಸ್ಕ್ರೀನ್ ಕಾಣುತ್ತಿದೆ.

ಅರಸೀಕೆರೆ ತೆಂಗು: ಇಷ್ಟೆಲ್ಲ ಯಾಕೆ ಸಾರ್? ಕಾರ್ಡ್ ಸಾಕು. ನಾನು ಐದೂ ಹಾಕುತ್ತೇನೆ. ಮೊದಲ ನಿಮಿಷದಲ್ಲಿ ಎರಡು, ಕೊನೆಯಲ್ಲಿ ಒಂದು.

ಸಕಲೇಶಪುರದ ಬೆಳೆಗಾರ: ಎಂಡ್ ಸ್ಕ್ರೀನ್ ಇರುವಾಗ ಕಾರ್ಡ್ ಕಾಣಿಸುವುದೇ ಇಲ್ಲ. ಮೊದಲ ನಿಮಿಷದ ಕಾರ್ಡ್ ನಿಮ್ಮ ವಿಡಿಯೊದಿಂದಲೇ ಜನರನ್ನು ಓಡಿಸುತ್ತದೆ. ಹಳೆ ವಿಡಿಯೊ ಹೆಸರು ಬಾಯಲ್ಲಿ ಬಂದಾಗ ಹಾಕಿ.

ಅರಸೀಕೆರೆ ತೆಂಗು: ನನ್ನ ಚಾನೆಲ್ ನಿಮ್ಮದಕ್ಕಿಂತ ದೊಡ್ಡದು. ಸುಮ್ನೆ ಪಾಠ ಬೇಡ.

ಬೇಲೂರಿನ ಅಡುಗೆಮನೆ: ನನಗಂತೂ ಇದೆಲ್ಲ ಸಿಗಲೇ ಇಲ್ಲ ಅಣ್ಣಾ. ಡಿಸೈನಿಗೆ ದುಡ್ಡು ಸುರಿದಿದ್ದೆ. ಮಕ್ಕಳ ಡಬ್ಬಿ ತಿಂಡಿ ಅಂತ ಅಪ್‌ಲೋಡ್ ಮಾಡಿಕೊಟ್ಟವರು "ಮಕ್ಕಳಿಗಾಗಿ" ಅಂತ ಗುರುತು ಹಾಕಿದ್ದರು. ಹಾಗೆ ಹಾಕಿದರೆ ಕಾರ್ಡೂ ಇಲ್ಲ, ಎಂಡ್ ಸ್ಕ್ರೀನೂ ಇಲ್ಲ. ನೋಡುವವರು ಅಮ್ಮಂದಿರು ಅಲ್ವಾ?

ಚಿಕ್ಕಮಗಳೂರು ಸ್ಟುಡಿಯೊ: ಲಿಂಕಿನ ಬಗ್ಗೆ ಯಾರೂ ಹೇಳಲಿಲ್ಲ. ಈ ಎರಡು ಬೇರೆ ಬೇರೆ:

```
youtube.com/playlist?list=PLAYLIST_ID
youtube.com/watch?v=VIDEO_ID&list=PLAYLIST_ID
```

ಮೊದಲನೆಯದು ಪಟ್ಟಿಯ ಪುಟ ತೆರೆಯುತ್ತದೆ, ಇನ್ನೊಮ್ಮೆ ಒತ್ತಬೇಕು. ಎರಡನೆಯದರಲ್ಲಿ ವಿಡಿಯೊ ನೇರ ಶುರುವಾಗುತ್ತದೆ, ಮುಗಿದ ಮೇಲೆ ಪಟ್ಟಿಯ ಮುಂದಿನದೇ ಬರುತ್ತದೆ. ವಿವರಣೆಯ ಮೊದಲ ಸಾಲಿನಲ್ಲೇ ಹಾಕಿ. ಕೆಳಗೆ ಹಾಕಿದರೆ ಬಿಡಿಸಿ ನೋಡುವವರು ಕಡಿಮೆ. ಶಾರ್ಟ್ಸ್ ವಿವರಣೆಯಲ್ಲಿ ಹಾಕಬೇಡಿ, 2023ರಿಂದ ಅಲ್ಲಿ ಲಿಂಕ್ ಒತ್ತಲಾಗುವುದಿಲ್ಲ.

ಅರಸೀಕೆರೆ ತೆಂಗು: ಬೆಳೆಗಾರರ ವಿಡಿಯೊ ಈಗ ನೋಡಿದೆ. ಸುಣ್ಣದ ನೀರನ್ನು ಮೈಲುತುತ್ತದ ನೀರಿಗೆ ಸುರಿಯುತ್ತಿದ್ದಾರೆ! ತುತ್ತವನ್ನು ಸುಣ್ಣಕ್ಕೆ ಸುರಿಯಬೇಕು. ಇವರು ನಮಗೆ ಹೇಳುತ್ತಾರೆ.

ಸಕಲೇಶಪುರದ ಬೆಳೆಗಾರ: ಅದು ತಪ್ಪು ವಿಧಾನ ಅಂತ ತೋರಿಸಿದ ಭಾಗ. ಪೂರ್ತಿ ನೋಡಿ ಮಾತಾಡಿ.