"ತಿಳಿಸಲಾಗಿದೆ" ಅಂತ ಬರೆದರೆ ಸಾಕಾ?

ಕಳೆದ ಸಂಚಿಕೆಯ ಸಮಸ್ಯೆ: "ನಾನು ಕ್ಯಾನ್ಸರ್ ವಾರ್ಡಿನಲ್ಲಿ ಕಿರಿಯ ವೈದ್ಯೆ. 62 ವರ್ಷದ ಒಬ್ಬರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಲಿವರ್‌ಗೆ ಹರಡಿದೆ. ಕೀಮೋ ಕೊಟ್ಟರೂ ಬೆಳೆದಿದೆ. ಈಗ ಅವರು ದಿನದ ಹೆಚ್ಚು ಹೊತ್ತು ಮಲಗಿಯೇ ಇರುತ್ತಾರೆ. 'ಅಪ್ಪನಿಗೆ ಹೇಳ್ಬೇಡಿ' ಅಂದ ಮಗ. ಅವನಿಗೂ ಅವರ ಹೆಂಡತಿಗೂ ನಾನೇ ವಿಷಯ ತಿಳಿಸಿದೆ. ಕೇಸ್ ಶೀಟಿನಲ್ಲಿ 'ರೋಗದ ಸ್ಥಿತಿ ಕುಟುಂಬಕ್ಕೆ ತಿಳಿಸಲಾಗಿದೆ' ಅಂತ ಬರೆದೆ. ಮಾರನೇ ದಿನ ಅವರ ಹೆಂಡತಿ ಬೇರೆ ವೈದ್ಯರನ್ನು 'ಮುಂದಿನ ಕೀಮೋ ಯಾವಾಗ?' ಅಂತ ಕೇಳಿದರು. ನಾನು ಎಲ್ಲಿ ತಪ್ಪಿದೆ?"

ಹಲವು ವರ್ಷ ಉಪಶಮನ ಆರೈಕೆಯಲ್ಲಿದ್ದ ನಿವೃತ್ತ ವೈದ್ಯೆಯಿಂದ

ನಿಮ್ಮ ಪತ್ರ ಓದಿ ನನ್ನ ಮೊದಲ ವರ್ಷಗಳು ನೆನಪಾದವು. ನಾನೂ ಅದೇ ಸಾಲನ್ನು ಎಷ್ಟೋ ಸಲ ಬರೆದಿದ್ದೇನೆ. ಆ ಸಾಲಿನಿಂದ ನೀವು ಮಾತಾಡಿದ್ದು ಗೊತ್ತಾಗುತ್ತದೆ. ಅವರಿಗೆ ಏನು ಕೇಳಿಸಿತು ಅಂತ ಗೊತ್ತಾಗುವುದಿಲ್ಲ. ಆ ಹೆಂಡತಿಗೆ ಕೇಳಿಸಿದ್ದು ಏನೋ ಬೇರೆ.

ಇನ್ನೊಮ್ಮೆ ಕೂರಿ. ಆದರೆ ಈ ಸಲ ಮೊದಲು ರೋಗಿಯ ಹತ್ತಿರ ಹೋಗಿ. ವಿಷಯ ಅವರದು. ಮಗ ಬೇಡ ಅಂದದ್ದು ಪ್ರೀತಿಯಿಂದಲೇ, ಅವನ ಜೊತೆ ವಾದ ಬೇಡ. "ಹೇಳಿದ್ರೆ ಏನಾಗುತ್ತೆ ಅಂತ ಭಯ ನಿಮಗೆ?" ಅಂತ ಕೇಳಿ. ಸಾಮಾನ್ಯವಾಗಿ "ಅವರು ಕುಸಿದುಹೋಗ್ತಾರೆ" ಅನ್ನುತ್ತಾರೆ. ಆಗ ಹೀಗೆ ಹೇಳಿ: "ಅವರು ಕೇಳದೆ ನಾನಾಗಿ ಏನೂ ತುರುಕಲ್ಲ. ಆದರೆ ಅವರೇ ಕೇಳಿದ್ರೆ ಸುಳ್ಳು ಹೇಳಲ್ಲ. ಎಷ್ಟು ತಿಳ್ಕೋಬೇಕು ಅಂತ ಅವರನ್ನೇ ಕೇಳೋಣ, ನೀವೂ ಪಕ್ಕದಲ್ಲೇ ಇರಿ." ನಾನು ಕಂಡ ಮಟ್ಟಿಗೆ ಬಹಳಷ್ಟು ಮಕ್ಕಳು ಇದಕ್ಕೆ ಒಪ್ಪುತ್ತಾರೆ.

ರೋಗಿಯನ್ನು ಕೇಳುವುದು ಇಷ್ಟೇ: "ಸ್ಕ್ಯಾನ್ ರಿಪೋರ್ಟ್ ಬಂದಿದೆ. ನಿಮ್ಮ ಹತ್ತಿರ ಮಾತಾಡ್ಲಾ, ಮನೆಯವರ ಹತ್ತಿರ ಮಾತಾಡ್ಲಾ, ಎಲ್ಲರೂ ಒಟ್ಟಿಗೆ ಕೂರೋಣವಾ?" "ಮಗನಿಗೆ ಹೇಳಿ, ನನಗೆ ಬೇಡ" ಅಂದರೆ ಅದೂ ಒಂದು ಸ್ಪಷ್ಟ ಉತ್ತರ. ಅವರ ಮಾತಿನಲ್ಲೇ ಬರೆದುಕೊಳ್ಳಿ. ಮನೆಯವರ ಜೊತೆ ಮಾತಾಡಲು ನಿಮಗಿರುವ ಒಪ್ಪಿಗೆ ಅದೇ.

2000ದಲ್ಲಿ ವಾಲ್ಟರ್ ಬೈಲ್, ರಾಬರ್ಟ್ ಬಕ್‌ಮನ್ ಮತ್ತು ಜೊತೆಯವರು ಇಂಥ ಮಾತುಕತೆಗೆ ಆರು ಹಂತಗಳ ದಾರಿ ಹಾಕಿಕೊಟ್ಟರು. ಸ್ಪೈಕ್ಸ್ ಅಂತ ಅದರ ಹೆಸರು. ನೀವೂ ಕಲಿತಿರುತ್ತೀರಿ. ಜಾಗ ಸಿದ್ಧ ಮಾಡಿಕೊಳ್ಳುವುದು, ಅವರಿಗೆ ಏನು ಗೊತ್ತು ಅಂತ ಕೇಳುವುದು, ಎಷ್ಟು ಬೇಕು ಅಂತ ಕೇಳುವುದು, ವಿಷಯ ಹೇಳುವುದು, ಭಾವನೆಗೆ ಸ್ಪಂದಿಸುವುದು, ಮುಂದಿನ ದಾರಿ. ಮೊದಲ ಮೂರನ್ನು ಅವಸರದಲ್ಲಿ ಮುಗಿಸಿ ನಾಲ್ಕನೆಯದಕ್ಕೆ ಹಾರುವುದೇ ಹೆಚ್ಚಿನ ತೊಂದರೆಗೆ ಕಾರಣ.

ನಿಮ್ಮ ಕೇಸಿನಲ್ಲಿ ನಾನಾಗಿದ್ದರೆ ಹೀಗೆ ಕೂರುತ್ತಿದ್ದೆ. ಮೊದಲು ಹಿರಿಯ ವೈದ್ಯರ ಜೊತೆ ಮಾತಾಡಿ ಇಬ್ಬರೂ ಒಂದೇ ಮಾತು ಹೇಳುವಂತೆ ಮಾಡಿಕೊಳ್ಳುತ್ತಿದ್ದೆ. ಆ ವಾರ್ಡಿನ ನರ್ಸ್ ಒಬ್ಬರನ್ನು ಜೊತೆಗೆ ಕರೆಯುತ್ತಿದ್ದೆ. ಮನೆಯವರು ಆಮೇಲೆ ಪ್ರಶ್ನೆ ಕೇಳುವುದು ಅವರನ್ನೇ. ಫೋನ್ ಬೇರೆಯವರ ಕೈಗೆ ಕೊಟ್ಟು, ಎಲ್ಲರಿಗೂ ಕುರ್ಚಿ ಹಾಕಿಸಿ, "ಕಾಯಿಲೆ ಬಗ್ಗೆ ಇಲ್ಲಿವರೆಗೆ ನಿಮಗೆ ಏನು ಹೇಳಿದ್ದಾರೆ?" ಅಂತ ಶುರು ಮಾಡುತ್ತಿದ್ದೆ. "ಲಿವರ್ ವೀಕಾಗಿದೆ, ಅದು ಸರಿಹೋದ್ರೆ ಕೀಮೋ ಕೊಡ್ತಾರೆ" ಅಂತ ಹೆಂಡತಿ ಅಂದರೆ, ನಾನು ಎಲ್ಲಿಂದ ಶುರು ಮಾಡಬೇಕು ಅಂತ ಆಗಲೇ ತಿಳಿಯುತ್ತದೆ.

ಆಮೇಲೆ ಒಂದು ಮುನ್ನೆಚ್ಚರಿಕೆ: "ನಾನು ಹೇಳಬೇಕಾದ್ದು ಒಳ್ಳೆ ಸುದ್ದಿ ಅಲ್ಲ." ಸ್ವಲ್ಪ ನಿಲ್ಲಿ. ನಂತರ ಒಂದೆರಡು ಚಿಕ್ಕ ವಾಕ್ಯ: "ಕೀಮೋ ಕೊಟ್ಟರೂ ಕ್ಯಾನ್ಸರ್ ಬೆಳೆದಿದೆ. ಇದನ್ನು ವಾಸಿ ಮಾಡಲು ಆಗುವುದಿಲ್ಲ. ಈ ಕಾಯಿಲೆಯಿಂದಲೇ ಅವರು ತೀರಿಕೊಳ್ಳುತ್ತಾರೆ." ಅಷ್ಟು ಹೇಳಿ ಸುಮ್ಮನಾಗಿ. ಆ ಮೌನ ತುಂಬ ಕಷ್ಟ. ಅದನ್ನು ತುಂಬಲು ನಾವು ಸ್ಕ್ಯಾನಿನ ಸೆಂಟಿಮೀಟರ್ ಲೆಕ್ಕ ಹೇಳತೊಡಗುತ್ತೇವೆ. ಆ ಹೊತ್ತಿನಲ್ಲಿ ಅವರ ಕಿವಿಗೆ ಏನೂ ಹೋಗುವುದಿಲ್ಲ. ಅವರೇ ಮೊದಲು ಮಾತಾಡಲಿ. ಅತ್ತರೆ ಅಳಲಿ. "ಇದನ್ನು ಕೇಳೋಕೆ ಎಷ್ಟು ಕಷ್ಟ ಅಂತ ಕಾಣ್ತಿದೆ" ಅಂದರೆ ಸಾಕು.

ಕೆಲವು ಪದಗಳನ್ನು ಬಿಟ್ಟುಬಿಡಿ. "ರೋಗ ಪ್ರೋಗ್ರೆಸ್ ಆಗಿದೆ" ಅಂದರೆ ಮನೆಯವರಿಗೆ ಅದು ಸುಧಾರಣೆ ಅಂತ ಕೇಳಿಸುತ್ತದೆ. "ಪಾಸಿಟಿವ್" ಅಂದರೆ ಒಳ್ಳೆಯದು ಅಂತ. "ಈಗ ಕೀಮೋ ಬೇಡ" ಅಂದರೆ ಆಮೇಲೆ ಇದೆ ಅಂತ. ನಿಮ್ಮ ಕೇಸಿನಲ್ಲಿ ಈ ಕೊನೆಯದೇ ಆಗಿರಬಹುದು ಅಂತ ನನ್ನ ಊಹೆ. ಕಾರಣವನ್ನೂ ಬಿಡಿಸಿ ಹೇಳಿ: ಎಚ್ಚರವಿರುವ ಹೊತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಹಾಸಿಗೆಯಲ್ಲೇ ಇರುವವರ ದೇಹ ಕೀಮೋ ತಡೆಯುವುದು ಕಷ್ಟ. ಕೊಟ್ಟರೆ ಆಯುಷ್ಯ ಹೆಚ್ಚುವುದರ ಬದಲು ಸುಸ್ತು, ಸೋಂಕು ಹೆಚ್ಚಬಹುದು.

"ಎಷ್ಟು ದಿನ?" ಅಂತ ಕೇಳಿದರೆ ಒಂದೇ ಅಂಕಿ ಕೊಡಬೇಡಿ. "ತಿಂಗಳುಗಟ್ಟಲೆ ಅಲ್ಲ, ವಾರಗಳ ಲೆಕ್ಕ ಅನಿಸುತ್ತೆ. ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು" ಅಂತ, ನಿಮಗೆ ನಿಜವಾಗಿ ಅನಿಸಿದ ವ್ಯಾಪ್ತಿ ಹೇಳಿ. "ಇನ್ನೇನೂ ಮಾಡಲು ಆಗಲ್ಲ" ಅಂತ ಮಾತ್ರ ಅನ್ನಬೇಡಿ, ಅದು ಸುಳ್ಳು. ನೋವು, ಕಾಮಾಲೆಯ ತುರಿಕೆ, ವಾಕರಿಕೆ, ನಿದ್ದೆ ಎಲ್ಲದಕ್ಕೂ ಮಾಡುವುದು ಇದೆ. ಏನು ಮಾಡುತ್ತೀರಿ ಅಂತ ಹೆಸರಿಟ್ಟು ಹೇಳಿ.

ಎದ್ದೇಳುವ ಮೊದಲು ಒಂದು ಕೆಲಸ ಬಾಕಿ ಇದೆ. "ನಾನು ಸರಿಯಾಗಿ ಹೇಳಿದ್ನಾ ಅಂತ ನೋಡ್ಕೋಬೇಕು. ಮನೆಗೆ ಹೋಗಿ ಮಗಳಿಗೆ ಏನಂತ ಹೇಳ್ತೀರಿ?" ಅಂತ ಕೇಳಿ. ಬಂದ ಉತ್ತರವನ್ನೇ ನೋಟಿಗೆ ಇಳಿಸಿ. ನಿಮ್ಮ ಮೊದಲ ನೋಟಿನಲ್ಲಿ ಇಲ್ಲದ್ದು ಅದೇ.

ಇಂಥ ನೋಟು ಹೇಗಿರಬೇಕು ಅಂತ ತೋರಿಸುತ್ತೇನೆ:

"ಮಂಗಳವಾರ, ಸಂಜೆ 4.10ರಿಂದ 4.45, ಕೌನ್ಸೆಲಿಂಗ್ ಕೋಣೆ. ಇದ್ದವರು: ಹೆಂಡತಿ, ಮಗ, ವಾರ್ಡ್ ನರ್ಸ್, ನಾನು. ಮಗಳು ಬಂದಿಲ್ಲ. ರೋಗಿ ಎಚ್ಚರವಾಗಿದ್ದು ಬೆಳಗ್ಗೆ ಹೇಳಿದ್ದು: 'ಅವರಿಗೆ ಎಲ್ಲಾ ಹೇಳಿ. ನನಗೆ ಸದ್ಯಕ್ಕೆ ಬೇಡ, ನೋವು ಕಮ್ಮಿ ಮಾಡಿ ಸಾಕು.' ಹೆಂಡತಿಗೆ ಮೊದಲೇ ಗೊತ್ತಿದ್ದದ್ದು: 'ಲಿವರ್ ವೀಕು, ಆಮೇಲೆ ಕೀಮೋ.' ಹೇಳಿದ್ದು: ಕ್ಯಾನ್ಸರ್ ಬೆಳೆದಿದೆ, ವಾಸಿಯಾಗದು, ಕೀಮೋ ಇನ್ನು ಕೊಡುವುದಿಲ್ಲ, ಕಾರಣ ವಿವರಿಸಿದೆ. ಉಳಿದ ಸಮಯ ವಾರಗಳು ಅಂತ ಅಂದಾಜು, ಖಚಿತವಲ್ಲ ಅಂತ ತಿಳಿಸಿದೆ. ಪ್ರತಿಕ್ರಿಯೆ: ಹೆಂಡತಿ ಅತ್ತರು. ಮಗ: 'ಬೇರೆ ಔಷಧಿ ಇಲ್ವಾ?' ಇಲ್ಲ ಅಂದೆ. ಕೊನೆಗೆ ಹೆಂಡತಿಯ ಮಾತು: 'ಇನ್ನು ಕೀಮೋ ಇಲ್ಲ. ನೋವಾಗದ ಹಾಗೆ ನೋಡ್ಕೋತಾರೆ.' ಮಗ ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳಿದ್ದಾರೆ, ರಿಪೋರ್ಟ್ ಪ್ರತಿ ಕೊಡಬೇಕು. ತೀರ್ಮಾನವಾಗದ್ದು: ಮನೆಗೆ ಹೋಗುವುದಾ ಇಲ್ಲೇ ಇರುವುದಾ. ಎದೆ ಒತ್ತಿ ಹೃದಯ ನಡೆಸುವ ಪ್ರಯತ್ನದ ಬಗ್ಗೆ ಇನ್ನೂ ಮಾತಾಡಿಲ್ಲ. ಗುರುವಾರ 11ಕ್ಕೆ ಮಗಳೂ ಸೇರಿ ಮತ್ತೆ ಭೇಟಿ."

ಉದ್ದ ಅನಿಸಬಹುದು. ನನಗೆ ಹತ್ತು ನಿಮಿಷ ಹಿಡಿಯುತ್ತಿತ್ತು. ಕೋಣೆಯಿಂದ ಬಂದ ಕೂಡಲೇ ಬರೆಯಿರಿ, ಸಂಜೆಗೆ ಬಿಟ್ಟರೆ ಅವರ ಮಾತು ಹೋಗಿ ನಿಮ್ಮ ಮಾತು ಮಾತ್ರ ಉಳಿಯುತ್ತದೆ. ತಡವಾದರೆ ಬರೆದ ಸಮಯವನ್ನೂ ಹಾಕಿ. ಹಳೆ ಸಾಲನ್ನು ತಿದ್ದಬೇಡಿ, ಹೊಸದಾಗಿ ಕೆಳಗೆ ಬರೆಯಿರಿ. "ಕುಟುಂಬದವರು ಒಪ್ಪಿಕೊಳ್ಳುತ್ತಿಲ್ಲ" ಅಂತ ತೀರ್ಪು ಬೇಡ. "ಹುಷಾರಾಗ್ತಾರೆ ಅಲ್ವಾ?" ಅಂತ ಕೇಳಿದ್ದರೆ ಅದನ್ನೇ ಬರೆಯಿರಿ. ಮುಂದೆ ಓದುವವರಿಗೆ ಹೆಚ್ಚು ಉಪಯೋಗ ಆಗುವುದು ಅದರಿಂದ.

ಅಪ್ಪನನ್ನು ಕಳೆದುಕೊಂಡ ಮಗಳಿಂದ

ನಾನು ಆ ಕುರ್ಚಿಯ ಈಚೆ ಬದಿಯಲ್ಲಿ ಕೂತವಳು. ನಮ್ಮ ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್. ವೈದ್ಯರು "ಆರು ತಿಂಗಳು" ಅಂದರು. ಅವರಿಗೆ ಅದು ಅಂದಾಜು. ನಮಗೆ ಅದು ತಾರೀಖಾಯಿತು. ದೂರದಲ್ಲಿದ್ದ ಅಣ್ಣ ನಾಲ್ಕನೇ ತಿಂಗಳಿಗೆ ಬರುತ್ತೇನೆ ಅಂತ ರಜೆ ಹಾಕಿದ. ಅಪ್ಪ ಏಳನೇ ವಾರದಲ್ಲಿ ಹೋದರು. ಅಣ್ಣ ಈಗಲೂ ಆ ಮಾತು ಎತ್ತಿದರೆ ಎದ್ದು ಹೋಗುತ್ತಾನೆ.

ಅದಕ್ಕೇ ಕೇಳಿಕೊಳ್ಳುತ್ತೇನೆ, ಯಾರು ಬಂದಿಲ್ಲ ಅಂತ ಕೇಳಿ. ದೂರ ಇರುವವರಿಗೆ "ಬರಬೇಕು ಅಂತಿದ್ರೆ ಈಗಲೇ ಬನ್ನಿ" ಅಂತ ನೇರವಾಗಿ ಹೇಳಿ. ಅಣ್ಣ ಫೋನ್ ಮಾಡಿದಾಗ ಮಾತಾಡಿದ ಇನ್ನೊಬ್ಬ ವೈದ್ಯರು "ಸ್ಟೇಬಲ್ ಇದ್ದಾರೆ" ಅಂದಿದ್ದರಂತೆ. ಆ ದಿನದ ಬಿಪಿ, ನಾಡಿ ನೋಡಿ ಹೇಳಿದ್ದಿರಬೇಕು. ಅಣ್ಣ ಅದನ್ನು ಗುಣಮುಖ ಅಂತ ತಿಳಿದ. ನಮಗೆ ಏನು ಹೇಳಿದ್ದಾರೆ ಅಂತ ಫೈಲಿನಲ್ಲಿ ಇದ್ದಿದ್ದರೆ ಅವರು ಹಾಗೆ ಅನ್ನುತ್ತಿರಲಿಲ್ಲವೇನೋ.

ಇನ್ನೊಂದು ಮಾತು. ಆ ದಿನ ಕೇಳಿದ್ದರಲ್ಲಿ ನನಗೆ ನೆನಪಿದ್ದದ್ದು ಎರಡೇ ವಾಕ್ಯ. ಒಬ್ಬ ನರ್ಸ್ ಅಕ್ಕ ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದುಕೊಟ್ಟರು: ಏನಾಗಿದೆ, ಯಾವ ಔಷಧಿ ನಿಲ್ಲಿಸಿದ್ದೇವೆ, ನೋವಿಗೆ ಏನು, ರಾತ್ರಿ ಯಾವ ನಂಬರಿಗೆ ಕರೆ ಮಾಡಬೇಕು. ಅಮ್ಮ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದರು. ನೀವು ಫೈಲಿಗೆ ಬರೆಯುವಾಗ ಮನೆಯವರಿಗೂ ಅಂಥದ್ದೊಂದು ಹಾಳೆ ಕೊಡಿ.

ರಾತ್ರಿ ಪಾಳಿಯ ನರ್ಸ್‌ನಿಂದ

ಮೇಡಂ, ನಿಮ್ಮ ನೋಟು ಓದುವುದು ರಾತ್ರಿ ಎರಡು ಗಂಟೆಗೆ, ನಾವು. ಆಗ ನಮಗೆ ಬೇಕಾದದ್ದು ಒಂದೇ: ಉಸಿರು ನಿಂತರೆ ಏನು ಮಾಡಬೇಕು? ಹಿರಿಯ ಮೇಡಂ ಬರೆದ ನೋಟಿನಲ್ಲಿ "ಇನ್ನೂ ಮಾತಾಡಿಲ್ಲ" ಅಂತ ಇರುವುದು ನನಗೆ ತುಂಬ ಹಿಡಿಸಿತು. ಖಾಲಿ ಬಿಟ್ಟರೆ ಮರೆತರೋ, ಬೇಡ ಅಂದರೋ ಗೊತ್ತಾಗಲ್ಲ.

ನಮ್ಮಲ್ಲಿ ಒಂದು ಸಲ "ಎದೆ ಒತ್ತುವುದು ಬೇಡ ಎಂದು ಕುಟುಂಬ ಒಪ್ಪಿದೆ" ಅಂತ ನೋಟಿನ ಮಧ್ಯದಲ್ಲಿ ಬರೆದಿದ್ದರು. ಆದೇಶದ ಫಾರಂ ತುಂಬಿರಲಿಲ್ಲ, ಸಹಿ ಇರಲಿಲ್ಲ. ರಾತ್ರಿ ಆ ಅಜ್ಜನ ಎದೆ ಒತ್ತಲೇಬೇಕಾಯಿತು. ಬಾಗಿಲಲ್ಲಿ ನಿಂತ ಮಗಳು "ಬೇಡ ಅಂದಿದ್ದೆವಲ್ಲ" ಅಂತ ಅಳುತ್ತಿದ್ದರು. ಮಾತುಕತೆಯ ನೋಟು ಬೇರೆ, ಆದೇಶ ಬೇರೆ. ತೀರ್ಮಾನ ಆದ ದಿನವೇ ನಿಮ್ಮಲ್ಲಿರುವ ನಿಯಮದ ಪ್ರಕಾರ ಫಾರಂ ತುಂಬಿ, ಪಾಳಿ ಬದಲಾಗುವಾಗ ಬಾಯಲ್ಲೂ ಹೇಳಿ.

ಮನೆಯವರನ್ನು "ಎಲ್ಲಾ ಮಾಡ್ಬೇಕಾ?" ಅಂತ ಮಾತ್ರ ಕೇಳಬೇಡಿ. ಬೇಡ ಅನ್ನಲು ಯಾವ ಮಗನಿಗೆ ಬಾಯಿ ಬರುತ್ತೆ ಹೇಳಿ. "ಎದೆ ಒತ್ತಿದ್ರೂ ಈ ಕಾಯಿಲೆಯಲ್ಲಿ ಅವರು ಉಳಿಯಲ್ಲ, ಅದು ಬೇಡ ಅಂತ ನಮ್ಮ ಸಲಹೆ" ಅಂತ ನೀವೇ ಹೇಳಿ. ಆ ಭಾರ ನಿಮ್ಮ ಮೇಲಿರಲಿ.

ಇಬ್ಬರು ಮಕ್ಕಳ ಚಿಕ್ಕಪ್ಪನಿಂದ

ಕುಟುಂಬ ಅಂದಾಗ ಮಕ್ಕಳು ಲೆಕ್ಕಕ್ಕೆ ಬರುವುದೇ ಇಲ್ಲ. ನನ್ನ ಅತ್ತಿಗೆ ಕಾಯಿಲೆಯಿಂದ ತೀರಿಕೊಂಡಾಗ ಏಳು ವರ್ಷದ ಅಣ್ಣನ ಮಗಳಿಗೆ "ಅಮ್ಮ ಮಲಗಿದ್ದಾಳೆ" ಅಂದೆವು. ಆಮೇಲೆ ಅವಳು ಎಷ್ಟೋ ರಾತ್ರಿ ನಿದ್ದೆ ಮಾಡಲು ಹೆದರುತ್ತಿದ್ದಳು. ಕೊನೆಗೆ ಒಬ್ಬ ಆಪ್ತ ಸಮಾಲೋಚಕಿ ಕೂರಿಸಿಕೊಂಡು "ಇದು ಕ್ಯಾನ್ಸರ್. ಅಮ್ಮ ಸತ್ತುಹೋದರು ಅಂದರೆ ಅವರ ದೇಹ ಕೆಲಸ ನಿಲ್ಲಿಸಿತು, ಮತ್ತೆ ಏಳುವುದಿಲ್ಲ. ನೀನು ಮಾಡಿದ್ದರಿಂದ ಆಗಿದ್ದಲ್ಲ. ಅದು ಅಂಟುವುದೂ ಇಲ್ಲ" ಅಂತ ಹೇಳಿದರು. ಮಗು ಕೇಳಿದ ಮೊದಲ ಪ್ರಶ್ನೆ "ನನ್ನನ್ನು ಸ್ಕೂಲಿಗೆ ಯಾರು ಬಿಡ್ತಾರೆ?" ಅಂತ. ನಾನು ಅಂತ ಹೇಳಿದೆ. ಅವತ್ತು ರಾತ್ರಿ ಮಲಗಿದಳು.

ನಿಮ್ಮ ನೋಟಿನಲ್ಲಿ ಮನೆಯಲ್ಲಿ ಮಕ್ಕಳಿದ್ದಾರಾ, ಎಷ್ಟು ವಯಸ್ಸು, ಅವರಿಗೆ ಯಾರು ಹೇಳುತ್ತಾರೆ ಅಂತ ಒಂದು ಸಾಲು ಸೇರಿಸಿ.